‘ಫೋಲ್’ ತನಕ ಓದಬಹುದು, ಮುಂದೆ ಗೊತ್ತಾಗುತ್ತಿಲ್ಲ

ಡಾಕ್ಟರ ಚೀಟಿಯಲ್ಲಿ ಒಂದು ಹೆಸರು ಓದಲು ಬರದಿದ್ದರೆ ಅದು ಯಾರ ಕಣ್ಣಿಗಾದರೂ ಬೀಳುತ್ತದೆ. ಕಾಗೆ ಕಾಲು ಗುಬ್ಬಿ ಕಾಲು ಅಂತ ಮನೆಯವರು ನಗುತ್ತಾರೆ, ಮೆಡಿಕಲ್ ಶಾಪಿನವರು ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ಬೆಳಕಿಗೆ ಹಿಡಿಯುತ್ತಾರೆ, ಕೊನೆಗೆ ಯಾರೋ ಒಬ್ಬರು ಫೋನ್ ಮಾಡಿ ಕೇಳುತ್ತಾರೆ. ಅದೇ ಚೀಟಿಯನ್ನು ಒಬ್ಬರು ಮೊಬೈಲಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡುವಾಗ, ಓದಲಾಗದ ಜಾಗಕ್ಕೆ ತಮಗೆ ತೋಚಿದ ಹೆಸರು ತುಂಬಿಬಿಟ್ಟರೆ ಅನುಮಾನ ಅಲ್ಲಿಗೇ ಮುಚ್ಚಿಹೋಯಿತು. ಟೈಪಾದ ಅಕ್ಷರಗಳೆಲ್ಲ ಒಂದೇ ಥರ ಕಾಣುತ್ತವೆ. ಇವುಗಳಲ್ಲಿ ಕಣ್ಣಾರೆ ಓದಿದ್ದು ಯಾವುದು, ಊಹಿಸಿ ಬರೆದದ್ದು ಯಾವುದು ಎಂದು ಆಮೇಲೆ ಅದನ್ನು ನೋಡುವ ಯಾರಿಗೂ ಗೊತ್ತಾಗುವುದಿಲ್ಲ.

ಈ ಕೆಲಸ ಹಿಂದೆ ಆಸ್ಪತ್ರೆಯ ಒಳಗಿನವರದಾಗಿತ್ತು. ಈಗ ಮನೆಮನೆಯಲ್ಲೂ ನಡೆಯುತ್ತಿದೆ. ಶಿರಸಿಯಲ್ಲಿರುವ ಅಮ್ಮನ ಚೀಟಿ ವಾಟ್ಸ್ಯಾಪಿನಲ್ಲಿ ಬೆಂಗಳೂರಿನ ಮಗನಿಗೆ ಬರುತ್ತದೆ, ಅವನು ಅದನ್ನು ಟೈಪ್ ಮಾಡಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಪಟ್ಟಿ ಮಾಡಿ ಕಳಿಸುತ್ತಾನೆ, ಅದರ ಪ್ರಿಂಟು ಫ್ರಿಜ್ಜಿನ ಬಾಗಿಲಿಗೆ ಏರುತ್ತದೆ. ಅಮ್ಮನನ್ನು ನೋಡಿಕೊಳ್ಳಲು ಬರುವ ಹೆಂಗಸು ಅದನ್ನು ನೋಡಿಯೇ ಮಾತ್ರೆ ಕೊಡುತ್ತಾರೆ. ಮುಂದಿನ ತಿಂಗಳ ಮಾತ್ರೆ ತರಿಸುವುದು ಅದೇ ಪಟ್ಟಿಯಿಂದ. ನಡುವೆ ಬೇರೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಈಗ ಏನೇನು ಮಾತ್ರೆ ತಗೊಳ್ತಿದ್ದಾರೆ ಎಂದು ಕೇಳಿದ ನರ್ಸಿಗೆ ತೋರಿಸುವುದೂ ಅದನ್ನೇ. ಅಷ್ಟರಲ್ಲಿ ಮೂಲ ಚೀಟಿ ಯಾವುದೋ ಎಕ್ಸ್‌ರೇ ಕವರಿನೊಳಗೆ ಸೇರಿರುತ್ತದೆ.

ಹೀಗೆ ನಕಲು ಮಾಡುವ ಕೈಗೆ ಒಂದು ಕ್ರಮ ಬೇಕು. ಅದನ್ನು ತೋರಿಸಲು ಒಂದು ಚೀಟಿಯನ್ನು ಮುಂದಿಟ್ಟುಕೊಳ್ಳೋಣ. ಚೀಟಿ ನಾನೇ ಕಟ್ಟಿದ್ದು. ಆದರೆ ಅದರ ಒಂದೊಂದು ಸಾಲೂ ಔಷಧಿ ಅಂಗಡಿಯ ಕೌಂಟರಿಗೆ ದಿನಾ ಬರುವಂಥದ್ದೇ.

ಅರವತ್ತೆರಡು ವರ್ಷದ ಹೆಂಗಸು. ಬೆರಳ ಗೆಣ್ಣುಗಳು ಊದಿಕೊಂಡು ನೋವು, ರುಮಟಾಯ್ಡ್ ಸಂಧಿವಾತ, ಜತೆಗೆ ಬಿಪಿ. ಚೀಟಿಯಲ್ಲಿ ಐದು ಸಾಲು. ಮೊದಲನೆಯದು ಪ್ಯಾನ್ 40, ಬೆಳಿಗ್ಗೆ ಒಂದು, ಊಟಕ್ಕೆ ಮುಂಚೆ: ಸ್ಪಷ್ಟವಾಗಿದೆ. ನಾಲ್ಕನೆಯದು ಎಚ್‌ಸಿಕ್ಯೂಎಸ್ 200, ರಾತ್ರಿ ಒಂದು: ದೊಡ್ಡಕ್ಷರಗಳು, ಅದೂ ಸ್ಪಷ್ಟ. ಎರಡನೆಯ ಸಾಲು ‘ಎಫ್ ಓ ಎಲ್’ ಎಂದು ಶುರುವಾಗಿ ನಡುವೆ ಸ್ವಲ್ಪ ಮಸುಕಾಗಿ ‘ಆರ್ ಎ ಎಕ್ಸ್’ ಎಂದು ಮುಗಿಯುತ್ತದೆ, ಮುಂದೆ 7.5, ವಾರಕ್ಕೊಮ್ಮೆ ಎಂದು ಇಂಗ್ಲಿಷಿನಲ್ಲಿದೆ. ಮೂರನೆಯ ಸಾಲೂ ‘ಎಫ್ ಓ ಎಲ್’ ಎಂದೇ ಶುರುವಾಗುತ್ತದೆ. ಆಮೇಲೆ ಒಂದು ಅಲೆಯಂಥ ಗೆರೆ, ಮುಂದೆ 5, ಅದರಾಚೆ ಇನ್ನೊಂದು ಗೀಚು, ಕೊನೆಗೆ ನಾಲ್ಕು ವಾರ. ಐದನೆಯದು ಟೆಲ್ಮಾ 40, ಬೆಳಿಗ್ಗೆ ಒಂದು. ಆದರೆ ‘ಟೆಲ್ಮಾ’ಕ್ಕೂ ‘40’ಕ್ಕೂ ನಡುವೆ ಏನೋ ಒಂದು ಗುರುತಿದೆ.

ಮೂರನೆಯ ಸಾಲನ್ನು ಈ ರೋಗದ ಔಷಧಿಗಳ ಬಗ್ಗೆ ಏನೂ ತಿಳಿಯದವರು ಬಿಟ್ಟುಬಿಡುತ್ತಾರೆ. ಸ್ವಲ್ಪ ತಿಳಿದವರು ಮಾತ್ರ ಕ್ಷಣದಲ್ಲಿ ಓದಿಬಿಡುತ್ತಾರೆ, ಅಪಾಯ ಇರುವುದು ಅಲ್ಲಿ. ಅವರ ಲೆಕ್ಕ ಹೀಗೆ: ಎರಡನೆಯ ಸಾಲು ಫೋಲಿಟ್ರಾಕ್ಸ್, ಅಂದರೆ ಮೆಥೊಟ್ರೆಕ್ಸೇಟ್. ಅದು ದೇಹದಲ್ಲಿ ಫೋಲೇಟ್ ಎಂಬ ಬಿ ಜೀವಸತ್ವದ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ಆ ಕೊರತೆ ತುಂಬಲು ಡಾಕ್ಟರು ಜತೆಗೆ ಫೋಲಿಕ್ ಆಸಿಡ್ ಬರೆಯುವುದು ರೂಢಿ. ಫೋಲಿಕ್ ಆಸಿಡ್ ಮಾತ್ರೆಯ ಹೆಸರಾಂತ ಬ್ರ್ಯಾಂಡ್ ಫೋಲ್‌ವೈಟ್, ಅದು ಬರುವುದೂ 5 ಮಿಲಿಗ್ರಾಂನಲ್ಲಿ. ಮುಗೀತಲ್ಲ, ಮೂರನೆಯ ಸಾಲು ಫೋಲ್‌ವೈಟ್ 5.

ಲೆಕ್ಕ ಚೆನ್ನಾಗಿದೆ, ಬಹುಪಾಲು ಸಲ ಸರಿಯೂ ಆಗುತ್ತದೆ. ಆದರೆ ಮೆಥೊಟ್ರೆಕ್ಸೇಟ್ ಮಾತ್ರೆಯೂ 5 ಮಿಲಿಗ್ರಾಂನಲ್ಲಿ ಸಿಗುತ್ತದೆ. ವಾರಕ್ಕೆ ಹನ್ನೆರಡೂವರೆ ಮಿಲಿಗ್ರಾಂ ಕೊಡಬೇಕೆಂದಿರುವ ಡಾಕ್ಟರು ಒಂದೇ ಔಷಧಿಯ ಎರಡು ಅಳತೆಯ ಮಾತ್ರೆಗಳನ್ನು ಎರಡು ಸಾಲಿನಲ್ಲಿ ಬರೆಯುವುದುಂಟು: ಒಂದು ಏಳೂವರೆ, ಒಂದು ಐದು. ಹಾಗಿದ್ದರೆ ಎರಡೂ ಸಾಲು ಫೋಲಿಟ್ರಾಕ್ಸೇ. ಹೆಸರಿನ ಮುಂದಿರುವ ‘5’ ಎರಡು ಓದುವಿಕೆಗೂ ಒಗ್ಗುತ್ತದೆ. ರೋಗವೂ ಎರಡಕ್ಕೂ ಒಗ್ಗುತ್ತದೆ. ಚೀಟಿಯ ಮೇಲಿನ ಸಾಕ್ಷಿ ‘ಎಫ್ ಓ ಎಲ್’ಗೇ ನಿಂತುಹೋಯಿತು, ಅಲ್ಲಿಂದ ಮುಂದಿನದು ಓದುವವರ ತಿಳಿವಳಿಕೆ ತುಂಬಿಕೊಟ್ಟದ್ದು.

ತಪ್ಪಿದರೆ ಏನಾಗುತ್ತದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಫೋಲಿಕ್ ಆಸಿಡನ್ನು ದಿನಕ್ಕೊಂದರಂತೆ ತೆಗೆದುಕೊಂಡರೆ ತೊಂದರೆ ಆಗುವುದು ಅಪರೂಪ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರ ವಾರಕ್ಕೆ ಒಂದೇ ದಿನ. ಅದನ್ನು ದಿನಾ ತೆಗೆದುಕೊಂಡರೆ ಮೂಳೆಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಗ್ಗುತ್ತದೆ. ಮೊದಲು ಬಾಯಿತುಂಬ ಹುಣ್ಣು, ಆಮೇಲೆ ಜ್ವರ, ಸೋಂಕು, ರಕ್ತಸ್ರಾವ, ಸಾವಿಗೂ ಹೋಗಬಹುದು. ಈ ತಪ್ಪು ಜಗತ್ತಿನ ಎಲ್ಲೆಡೆ ಮತ್ತೆ ಮತ್ತೆ ಆಗಿದೆ. ಅದು ಎಷ್ಟರಮಟ್ಟಿಗೆ ಅಂದರೆ, 2019ರಲ್ಲಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ ಈ ಒಂದು ಔಷಧಿಗಾಗಿಯೇ ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆ, ರೋಗಿಯ ಕೈಗೊಂದು ಕಾರ್ಡು ಎಂದೆಲ್ಲ ಹೊಸ ಕ್ರಮಗಳನ್ನು ಸೂಚಿಸಬೇಕಾಯಿತು. ‘ಫೋಲ್’ ಎಂದು ಶುರುವಾಗುವ ಎರಡು ಸ್ಟ್ರಿಪ್ಪುಗಳು ಒಂದೇ ಡಬ್ಬಿಯಲ್ಲಿ ಪಕ್ಕಪಕ್ಕ ಇರುವ ಮನೆಯಲ್ಲಿ ಯಾವುದು ವಾರಕ್ಕೊಮ್ಮೆ, ಯಾವುದು ದಿನಾ ಎನ್ನುವುದು ಅದಲುಬದಲಾಗಲು ಹೆಚ್ಚು ಹೊತ್ತು ಬೇಡ.

ಒಂದೇ ತಲೆಯ ಹೆಸರುಗಳು ಇಲ್ಲಿ ಹೊಸದಲ್ಲ. ಮಲೇರಿಯಾಕ್ಕೆ ಫಾಲ್ಸಿಗೋ, ಫಾಲ್ಸಿಟ್ಯಾಬ್ ಎಂಬ ಎರಡು ಔಷಧಿಗಳನ್ನು ಕ್ಯಾಡಿಲಾ ಹೆಸರಿನ ಎರಡು ಕಂಪನಿಗಳು ಮಾರುತ್ತಿದ್ದವು. ಒಂದರಲ್ಲಿದ್ದದ್ದು ಆರ್ಟಿಸುನೇಟ್, ಇನ್ನೊಂದರಲ್ಲಿ ಮೆಫ್ಲೊಕ್ವಿನ್. ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಬೇರೆ ಸರಕುಗಳ ಹೆಸರಿಗಿಂತ ಔಷಧಿಗಳ ಹೆಸರಿನ ಹೋಲಿಕೆಯನ್ನು ಹೆಚ್ಚು ಬಿಗಿಯಾಗಿ ನೋಡಬೇಕು ಎಂದು ಕೋರ್ಟು 2001ರಲ್ಲಿ ಹೇಳಿತು. ಅಮೆರಿಕದಲ್ಲಿ ಲೋಸೆಕ್ ಎಂಬ ಹೊಟ್ಟೆಯುರಿಯ ಔಷಧಿ ಮೂತ್ರ ಹೋಗಿಸುವ ಲಾಸಿಕ್ಸ್ ಜತೆ ಗೊಂದಲವಾಗುತ್ತಿದೆ ಎಂದು 1990ರಲ್ಲಿ ಅದರ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಿದರು. ಆಮೇಲೆ ಆ ಹೊಸ ಹೆಸರು ಪ್ರೋಜ್ಯಾಕ್ ಜತೆ ಗೊಂದಲವಾಗತೊಡಗಿತು.

ಈಗ ನಕಲು ಮಾಡುವ ಕೆಲಸಕ್ಕೆ ಬರೋಣ. ಮೊದಲು ಓದಲು ತಕ್ಕ ಚಿತ್ರ ಬೇಕು. ವಾಟ್ಸ್ಯಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಹಾಗಾಗಿ ಫೋಟೋವನ್ನು ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸುವಂತೆ ಊರಿನವರಿಗೆ ಹೇಳಿ. ಚೀಟಿಯನ್ನು ಮೇಜಿನ ಮೇಲೆ ಸಮವಾಗಿ ಹರಡಿ, ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಫ್ಲ್ಯಾಶ್ ಬಿದ್ದ ಜಾಗದಲ್ಲಿ 7.5ರ ಚುಕ್ಕೆ ಮಾಯವಾಗಿ 75 ಆಗಬಹುದು. ಕಾಗದದ ಮಡಿಕೆ ಬಿದ್ದ ಕಡೆ ಇಲ್ಲದ ಗೆರೆ ಹುಟ್ಟಬಹುದು. ತಲೆಬರಹ, ತಾರೀಕು, ಹಿಂಬದಿ ಎಲ್ಲ ಬರಲಿ. ಮುಂದಿನ ಸಲ ಬನ್ನಿ ಎನ್ನುವುದರ ಜತೆ ಒಂದು ಮಾತ್ರೆಯನ್ನು ಹಿಂದೆ ಬರೆದುಕೊಡುವ ಡಾಕ್ಟರುಗಳೂ ಇದ್ದಾರೆ.

ಆಮೇಲೆ ಅನುಮಾನದ ಅಕ್ಷರವನ್ನು ಅದೇ ಡಾಕ್ಟರ ಬೇರೆ ಅಕ್ಷರಗಳ ಜತೆ ಇಟ್ಟು ನೋಡಬೇಕು. ನಮ್ಮ ಚೀಟಿಯಲ್ಲಿ ‘ಟ್ಯಾಬ್’ ಎಂಬುದು ಐದು ಸಾಲಿನಲ್ಲೂ ಇದೆ, ‘ಟೆಲ್ಮಾ’ ಇದೆ. ಇವರು ‘ಟಿ’ಯ ಅಡ್ಡಗೆರೆಯನ್ನು ಬಿಡುವುದೇ ಇಲ್ಲ ಎಂದು ಅಲ್ಲಿ ಕಾಣುತ್ತದೆ. ಮೂರನೆಯ ಸಾಲಿನ ಅಲೆಯ ಮೇಲೂ ಒಂದು ಸಣ್ಣ ಅಡ್ಡಗೆರೆ ಇದೆ ಅನ್ನಿ. ಅಂದರೆ ಅಲ್ಲೊಂದು ‘ಟಿ’ ಇರಬಹುದು. ಪ್ರಯೋಜನ? ಫೋಲ್‌ವೈಟಿನಲ್ಲೂ ‘ಟಿ’ ಇದೆ, ಫೋಲಿಟ್ರಾಕ್ಸಿನಲ್ಲೂ ಇದೆ. ಅಡ್ಡಗೆರೆ ಸಿಕ್ಕಿದ್ದನ್ನು ಬರೆದಿಟ್ಟುಕೊಳ್ಳಿ, ಅದರಿಂದ ತೀರ್ಪು ಕೊಡಬೇಡಿ.

ಬರೆಯುವ ಬಗೆಗೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ. ಬಿ.ಎಲ್. ರೈಸ್ ಅವರ ಕಾಲದಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳನ್ನು ತಿರುವಿದವರಿಗೆ ಗೊತ್ತು: ಕಲ್ಲು ಸವೆದು ಅಕ್ಷರ ಹೋಗಿರುವ ಕಡೆ ಚುಕ್ಕೆಗಳಿರುತ್ತವೆ. ಆ ಜಾಗದಲ್ಲಿ ಯಾವ ಅರಸನ ಹೆಸರು ಇದ್ದಿರಬೇಕೆಂದು ಓದಿದ ವಿದ್ವಾಂಸರಿಗೆ ಚೆನ್ನಾಗಿ ಗೊತ್ತಿದ್ದರೂ ಚುಕ್ಕೆ ಚುಕ್ಕೆಯೇ. ಅವರ ಅಭಿಪ್ರಾಯ ಬೇಕಾದರೆ ಟಿಪ್ಪಣಿಯಲ್ಲಿ ಬರುತ್ತದೆ. ಚೀಟಿಯ ನಕಲಿಗೂ ಇಷ್ಟು ಸಾಕು. ಓದಿದ್ದನ್ನು ಓದಿದಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು, ಓದಲಾಗದ್ದಕ್ಕೆ ಕಂಸದೊಳಗೆ ಚುಕ್ಕೆ, ಆ ಸಾಲಿನ ಕೊನೆಗೆ ಒಂದು ಪ್ರಶ್ನೆ ಗುರುತು. ನಮ್ಮ ಚೀಟಿ ಹೀಗಾಗುತ್ತದೆ:

```
1. Tab. Pan 40          1-0-0   a/c
2. Tab. Fol[..]rax 7.5  once/wk          [?]
3. Tab. Fol[...] 5      [...]  x 4 wk    [?]
4. Tab. HCQS 200        0-0-1
5. Tab. Telma [.] 40    1-0-0            [?]
```

ಇದರ ಕೆಳಗೆ ಮೂರು ಟಿಪ್ಪಣಿ. ಎರಡನೆಯ ಸಾಲು: ನಡುವಿನ ಅಕ್ಷರಗಳು ಮಸುಕು, ವಾರದ ಯಾವ ದಿನ ಎಂದು ಬರೆದಿಲ್ಲ. ಮೂರನೆಯ ಸಾಲು: ‘ಎಫ್ ಓ ಎಲ್’ ಸ್ಪಷ್ಟ, ಉಳಿದದ್ದು ಅಲೆಗೆರೆ, ಒಂದು ಅಡ್ಡಗೆರೆ ಇದೆ, ಎಷ್ಟು ಸಲ ತೆಗೆದುಕೊಳ್ಳಬೇಕು ಎಂಬುದೂ ಓದಲಾಗಲಿಲ್ಲ. ಐದನೆಯ ಸಾಲು: ಹೆಸರಿಗೂ 40ಕ್ಕೂ ನಡುವೆ ಒಂದು ಗುರುತು, ‘ಎಚ್’ ಅಕ್ಷರ ಇರಬಹುದು ಅಥವಾ ಬರೆದು ಬಿಟ್ಟ 4 ಇರಬಹುದು.

ಫೋಲ್‌ವೈಟ್ ಎಂಬ ಹೆಸರು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ, ಗಮನಿಸಿ. ‘ಫೋಲ್‌ವೈಟ್?’ ಎಂದು ಪ್ರಶ್ನೆ ಗುರುತಿನ ಜತೆಗೇ ಬರೆದರೆ ಆಗದೇ ಎಂದು ಕೇಳಬಹುದು. ನನ್ನ ಮಟ್ಟಿಗೆ ಆಗದು. ಪಟ್ಟಿಯನ್ನು ಇನ್ನೊಬ್ಬರು ನಕಲು ಮಾಡಿದಾಗ ಮೊದಲು ಬಿದ್ದುಹೋಗುವುದು ಪ್ರಶ್ನೆ ಗುರುತು, ಹೆಸರು ಉಳಿಯುತ್ತದೆ. ಚುಕ್ಕೆಗಳಾದರೋ ಹೆಸರಾಗಿ ಬದಲಾಗಲಾರವು. ಅವನ್ನು ಕೊಂಡು ಔಷಧಿ ಅಂಗಡಿಗೆ ಹೋದರೆ ಅವರು ನಿಂತು ಕೇಳಲೇಬೇಕು.

ಒಂದು ಎಚ್ಚರಿಕೆ ಈ ಕಡೆಗೂ ಬೇಕು. ಹೆದರಿಕೆಯಿಂದ ಐದು ಸಾಲಿಗೂ ಪ್ರಶ್ನೆ ಗುರುತು ಹಾಕಿದರೆ ಯಾವುದನ್ನೂ ಯಾರೂ ಗಂಭೀರವಾಗಿ ನೋಡುವುದಿಲ್ಲ. ಒಂದು, ನಾಲ್ಕನೆಯ ಸಾಲುಗಳು ಸ್ಪಷ್ಟವಾಗಿವೆ, ಹಾಗೇ ಇರಲಿ. ಎರಡನೆಯದರಲ್ಲಿ ಅನುಮಾನ ಸಣ್ಣದು, ಆದರೂ ಗುರುತು ಹಾಕಿದ್ದೇವೆ. ಔಷಧಿ ಅಂಥದ್ದು.

ಐದನೆಯ ಸಾಲನ್ನು ಬಹಳ ಜನ ದಾಟಿಹೋಗುತ್ತಾರೆ, ಯಾಕೆಂದರೆ ಹೆಸರು ಚೆನ್ನಾಗಿಯೇ ಕಾಣುತ್ತದೆ. ನಮ್ಮ ದೇಶದ ಬ್ರ್ಯಾಂಡ್ ಹೆಸರುಗಳಲ್ಲಿ ವಿಷಯ ಇರುವುದು ಬಾಲದಲ್ಲಿ. ಬರೀ ಟೆಲ್ಮಾ ಎಂದರೆ ಟೆಲ್ಮಿಸಾರ್ಟನ್ ಎಂಬ ಒಂದೇ ಬಿಪಿ ಔಷಧಿ. ಟೆಲ್ಮಾ ಎಚ್ ಎಂದರೆ ಅದರ ಜತೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಝೈಡ್ ಸೇರಿರುತ್ತದೆ. ಟೆಲ್ಮಾ ಎಎಂ ಎಂದರೆ ಜತೆಯಲ್ಲಿ ಆಮ್ಲೋಡಿಪಿನ್. ಇಕೋಸ್ಪ್ರಿನ್ 75 ಬರೀ ಆಸ್ಪಿರಿನ್, ಇಕೋಸ್ಪ್ರಿನ್ ಎವಿ ಎಂದರೆ ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಕೂಡ. ಪ್ಯಾನ್ 40, ಪ್ಯಾನ್ ಡಿ ಕೂಡ ಹೀಗೇ. ಒಂದಕ್ಷರ ಬಿಟ್ಟರೆ ಒಂದು ಔಷಧಿ ಬಿಟ್ಟಂತೆ, ಇಲ್ಲದ ಒಂದಕ್ಷರ ಸೇರಿಸಿದರೆ ಬೇಡದ ಔಷಧಿ ಹೊಟ್ಟೆಗೆ ಹೋದಂತೆ. ವಯಸ್ಸಾದವರಲ್ಲಿ ಹೈಡ್ರೋಕ್ಲೋರೋಥಯಝೈಡ್ ರಕ್ತದ ಸೋಡಿಯಂ ಇಳಿಸಿ ತಲೆ ತಿರುಗುವಿಕೆ, ಗೊಂದಲ ತರಬಹುದು. ಮನೆಯವರು ಅದನ್ನು ವಯಸ್ಸಿನ ಲಕ್ಷಣ ಎಂದುಕೊಳ್ಳುತ್ತಾರೆ.

ಸಂಕ್ಷೇಪಗಳನ್ನೂ ಹಾಗೇ ಇಳಿಸಿಕೊಳ್ಳಬೇಕು. ಅರ್ಥ ಬೇಕಾದರೆ ಪಕ್ಕದಲ್ಲಿ ಬೇರೆಯಾಗಿ ಬರೆಯಬಹುದು. ‘ಓಡಿ’ ಎಂದರೆ ನಮ್ಮ ಡಾಕ್ಟರುಗಳಲ್ಲಿ ದಿನಕ್ಕೊಂದು ಸಲ. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಅದೇ ಎರಡಕ್ಷರ ಬಲಗಣ್ಣು. ಇನ್ಸುಲಿನ್ ಮುಂದೆ ಅಂಕಿಗೆ ಅಂಟಿಸಿ ಬರೆದ ‘ಯು’ ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುವುದು ಹಳೆಯ, ಕುಖ್ಯಾತ ತಪ್ಪು. ಅದು ‘ಯು’ವೋ ಸೊನ್ನೆಯೋ ಎಂಬ ಅನುಮಾನ ಇದ್ದರೆ ಆ ಅಂಕಿಗೂ ಕಂಸವೇ. ಹಾಗೆಯೇ, ಹೆಸರು ಸ್ಪಷ್ಟವಾಗಿದ್ದು ಅಳತೆ ಮಾತ್ರ ಹೆಚ್ಚೆನಿಸಿದರೆ ಅದನ್ನು ತಿದ್ದುವುದು ನಕಲು ಮಾಡುವವರ ಕೆಲಸವಲ್ಲ. ಇದ್ದಂತೆ ಬರೆದು, ಕೇಳಬೇಕು ಎಂದು ಗುರುತು ಹಾಕಿದರೆ ಸಾಕು.

ಹಾಗಾದರೆ ರೋಗ ಯಾವುದು, ಅಳತೆ ಎಷ್ಟು, ದಿನಕ್ಕೆಷ್ಟು ಸಲ ಎಂಬ ಸುಳಿವುಗಳಿಂದ ಉಪಯೋಗವೇ ಇಲ್ಲವೇ? ಇದೆ. ಅವು ತಪ್ಪು ಹೆಸರನ್ನು ಹೊಡೆದುಹಾಕಲು ಒದಗುತ್ತವೆ, ಸರಿ ಹೆಸರನ್ನು ತಂದುಕೊಡಲು ಒದಗುವುದಿಲ್ಲ. ಇದಕ್ಕೆ ಅಮೆರಿಕದ ಟೆಕ್ಸಾಸಿನಲ್ಲಿ 1995ರಲ್ಲಿ ನಡೆದದ್ದು ದೊಡ್ಡ ಸಾಕ್ಷಿ. ಎದೆನೋವಿನ ರೋಗಿಯೊಬ್ಬರಿಗೆ ಹೃದ್ರೋಗ ತಜ್ಞರು ಐಸೋರ್ಡಿಲ್ 20 ಮಿಲಿಗ್ರಾಂ, ಆರು ಗಂಟೆಗೊಮ್ಮೆ ಎಂದು ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಅದನ್ನು ಪ್ಲೆಂಡಿಲ್ ಎಂದು ಓದಿ, ಅದನ್ನೇ ಕೊಟ್ಟರು. ಕೈಬರಹದಲ್ಲಿ ಆ ಎರಡು ಹೆಸರುಗಳ ಬಾಲ ಒಂದೇ ಥರ. ಪ್ಲೆಂಡಿಲ್ ಬಿಪಿಯ ಔಷಧಿ, ಅದರ ಗರಿಷ್ಠ ಅಳತೆ ದಿನಕ್ಕೆ 10 ಮಿಲಿಗ್ರಾಂ. ಚೀಟಿಯ ಪ್ರಕಾರ ದಿನಕ್ಕೆ 80 ಆಯಿತು. ರೋಗಿಗೆ ಹೃದಯಾಘಾತವಾಗಿ, ಕೆಲವು ದಿನಗಳಲ್ಲಿ ತೀರಿಕೊಂಡರು. 1999ರಲ್ಲಿ ಜ್ಯೂರಿ ಬರೆದ ವೈದ್ಯರನ್ನೂ ಕೊಟ್ಟವರನ್ನೂ ಹೊಣೆ ಮಾಡಿ ಕುಟುಂಬಕ್ಕೆ ನಾಲ್ಕೂವರೆ ಲಕ್ಷ ಡಾಲರ್ ಪರಿಹಾರ ಕೊಡಿಸಿತು. ವೈದ್ಯರು ಬರೆದುಕೊಟ್ಟ ಔಷಧಿ ಸರಿಯಾಗಿಯೇ ಇತ್ತು, ಅಕ್ಷರ ಮಾತ್ರ ಓದಲು ಬರುತ್ತಿರಲಿಲ್ಲ ಎಂಬುದು ಆ ಪ್ರಕರಣದ ವಿಶೇಷ.

ಅಲ್ಲಿ ‘20’, ‘ಆರು ಗಂಟೆಗೊಮ್ಮೆ’ ಎಂಬ ಎರಡೂ ಸುಳಿವು ಕೂಗಿ ಹೇಳುತ್ತಿದ್ದವು, ಇದು ಪ್ಲೆಂಡಿಲ್ ಆಗಿರಲಾರದು ಎಂದು. ಓದಿದ ಹೆಸರಿಗೆ ಸಾಲಿನ ಉಳಿದ ಭಾಗ ಹೊಂದದಿದ್ದರೆ ಓದಿದ್ದು ತಪ್ಪು ಎನ್ನುವ ಶಂಕೆ ಬರಬೇಕು. ಇದರ ತಿರುಗುಮುರುಗು ಮಾತ್ರ ನಿಜವಲ್ಲ. ನಮ್ಮ ಮೂರನೆಯ ಸಾಲಿನಂತೆ, ಎಲ್ಲ ಹೊಂದಿಕೊಂಡರೂ ಹೆಸರು ಬೇರೆಯೇ ಇರಬಹುದು.

ಮನೆಯಲ್ಲಿ ಈಗಾಗಲೇ ತಂದಿಟ್ಟ ಸ್ಟ್ರಿಪ್ ಇದ್ದರೆ? ಬಿಲ್ ಇದ್ದರೆ? ಬಹಳ ಜನ ಅದನ್ನು ನೋಡಿ ಚುಕ್ಕೆ ತುಂಬುತ್ತಾರೆ. ಸ್ಟ್ರಿಪ್ ಹೇಳುವುದು ಅಂಗಡಿಯವರು ಏನು ಕೊಟ್ಟರು ಎಂಬುದನ್ನು. ಡಾಕ್ಟರು ಏನು ಬರೆದರು ಎಂಬುದು ಅದರಿಂದ ತಿಳಿಯುವುದಿಲ್ಲ. ಟೆಕ್ಸಾಸಿನ ಆ ಮನೆಯಲ್ಲೂ ಬಾಟಲಿಯ ಮೇಲೆ ಪ್ಲೆಂಡಿಲ್ ಎಂದು ಅಚ್ಚಾಗಿಯೇ ಇದ್ದಿರಬೇಕು. ಹಾಗಾಗಿ ಪಟ್ಟಿಯಲ್ಲಿ ಅದಕ್ಕೊಂದು ಬೇರೆ ಅಂಕಣ ಮಾಡಿ, ಅಂಗಡಿಯಿಂದ ಬಂದದ್ದು ಇಂಥದ್ದು, ಸ್ಟ್ರಿಪ್ಪಿನ ಮೇಲೆ ಬ್ರ್ಯಾಂಡ್ ಹೆಸರಿನ ಜತೆ ಅಚ್ಚಾಗಿರುವ ಔಷಧಿಯ ಮೂಲ ಹೆಸರು ಇಂಥದ್ದು ಎಂದು ಬರೆಯಿರಿ. ಹೋದ ಸಲದ ಚೀಟಿಗೂ ಇದೇ ಮಾತು. ಹೋದ ಸಲ ಇದ್ದದ್ದನ್ನು ಈ ಸಲ ಬದಲಿಸಲೆಂದೇ ಡಾಕ್ಟರ ಹತ್ತಿರ ಹೋಗಿರಬಹುದಲ್ಲ.

ಕೊನೆಗೂ ಉತ್ತರ ಸಿಗುವುದು ಬರೆದವರಿಂದ. ಕೇಳುವ ರೀತಿಯಲ್ಲಿಯೂ ಊಹೆ ನುಸುಳುತ್ತದೆ. ಮೂರನೇದು ಫೋಲ್‌ವೈಟ್ ಅಲ್ವಾ ಎಂದು ಕೇಳಿದರೆ, ಹೊರಗೆ ಮೂವತ್ತು ಜನ ಕಾಯುತ್ತಿರುವಾಗ, ‘ಹ್ಞಾಂ ಹ್ಞಾಂ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಹೆಸರು ಅವರ ಬಾಯಿಂದಲೇ ಬರಬೇಕು. ಕ್ಲಿನಿಕ್ಕಿಗೆ ಫೋನ್ ಮಾಡಿದ ಮಗನ ಮಾತು ಹೀಗಿರಲಿ:

“ನಮಸ್ಕಾರ ಮೇಡಂ. ಹನ್ನೆರಡನೇ ತಾರೀಕು ನಮ್ಮ ತಾಯಿನ ತೋರಿಸಿದ್ವಿ. ಚೀಟಿ ಫೋಟೋ ನಿಮ್ಮ ನಂಬರಿಗೆ ಕಳಿಸಿದೀನಿ. ಮೂರನೇ ಸಾಲು, ಐದನೇ ಸಾಲು ಓದೋಕೆ ಆಗ್ತಿಲ್ಲ. ಅಲ್ಲಿ ಯಾವ ಮಾತ್ರೆ, ಯಾವಾಗ ತಗೋಬೇಕು ಅಂತ ಡಾಕ್ಟರನ್ನ ಕೇಳಿ ಹೇಳ್ತೀರಾ?”

“ಮೂರನೇದಾ? ಫೋಲ್‌ವೈಟ್ ಇರತ್ತೆ ಬಿಡಿ ಸಾರ್. ಎಲ್ಲಾರ್ಗೂ ಅದೇ ಬರೀತಾರೆ.”

‘ಇರತ್ತೆ ಬಿಡಿ’ ಎಂಬುದು ಇನ್ನೊಬ್ಬರ ಊಹೆ ಅಷ್ಟೆ, ಕ್ಲಿನಿಕ್ಕಿನ ನಂಬರಿನಿಂದ ಬಂತು ಎಂದು ಅದಕ್ಕೆ ತೂಕ ಹೆಚ್ಚುವುದಿಲ್ಲ.

“ಇರಬಹುದು ಮೇಡಂ. ಆದ್ರೂ ಅದರಲ್ಲಿ ಒಂದು ವಾರಕ್ಕೊಮ್ಮೆ ತಗೊಳ್ಳೋ ಮಾತ್ರೆ ಇದೆಯಲ್ಲ, ಅದಕ್ಕೇ ಭಯ. ಡಾಕ್ಟರ್ ಫ್ರೀ ಆದಾಗ ಫೋಟೋ ತೋರಿಸಿ, ನಾನು ಕಾಯ್ತೀನಿ.”

ಸಂಜೆ ಡಾಕ್ಟರೇ ಮಾತಾಡಿದರು ಅನ್ನಿ. ಎರಡನೆಯದು ಫೋಲಿಟ್ರಾಕ್ಸ್ ಏಳೂವರೆ, ಭಾನುವಾರ ಒಂದು. ಮೂರನೆಯದು ಫೋಲ್‌ವೈಟ್ 5, ಸೋಮವಾರದಿಂದ ಶುಕ್ರವಾರ. ಐದನೆಯದು ಬರೀ ಟೆಲ್ಮಾ 40, ನಡುವಿನದು ಪೆನ್ನು ಬರೆಯದೆ ಎರಡು ಸಲ ಎಳೆದ 4. ಕೇಳಿಸಿಕೊಂಡದ್ದನ್ನು ಅಲ್ಲೇ ಅಕ್ಷರ ಬಿಡಿಸಿ ತಿರುಗಿ ಹೇಳಬೇಕು, ‘ಎಫ್ ಓ ಎಲ್ ವಿ’ ಎಂದು. ಫೋನಿನಲ್ಲಿ ‘ಬಿ’, ‘ವಿ’, ‘ಡಿ’, ‘ಟಿ’ ಒಂದೇ ಥರ ಕೇಳುತ್ತವೆ. ‘ಫಿಫ್ಟೀನ್’, ‘ಫಿಫ್ಟಿ’ ಕೂಡ. ಅಂಕಿಗಳನ್ನು ‘ಒಂದು ಐದು’, ‘ಐದು ಸೊನ್ನೆ’ ಎಂದು ಬಿಡಿಸಿದರೆ ಕ್ಷೇಮ.

ಇಷ್ಟಾದ ಮೇಲೆಯೂ ಹಳೆಯ ಸಾಲನ್ನು ಅಳಿಸಬಾರದು. ಅದರ ಕೆಳಗೆ ಉತ್ತರ ಸೇರಿಸಿ, ಅದು ಎಲ್ಲಿಂದ ಬಂತು ಎಂದೂ ಬರೆಯಬೇಕು:

```
3. Tab. Fol[...] 5      [...]  x 4 wk    [?]
   = Folvite 5, ಸೋಮ-ಶುಕ್ರ ದಿನಕ್ಕೆ 1
   (ಡಾಕ್ಟರ್ ಫೋನಿನಲ್ಲಿ ಹೇಳಿದ್ದು, 14ನೇ ತಾರೀಕು ಸಂಜೆ)
```

ಮುಂದಿನ ಭೇಟಿಯಲ್ಲಿ ಈ ಪಟ್ಟಿಯನ್ನೇ ಡಾಕ್ಟರ ಮುಂದಿಟ್ಟು ಸಹಿ ಹಾಕಿಸಿಕೊಂಡರೆ ಆಮೇಲೆ ಚೀಟಿಗಿಂತ ಅದೇ ಮೇಲು. ಈ ಉದಾಹರಣೆಯಲ್ಲಿ ಊಹೆಯೇ ನಿಜವಾಯಿತು, ಸರಿ. ಆದರೆ ಊಹಿಸಿ ಬರೆದಿದ್ದರೆ ಫೋಲ್‌ವೈಟ್ ಯಾವ ದಿನ, ಫೋಲಿಟ್ರಾಕ್ಸ್ ಯಾವ ದಿನ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಆ ಚೀಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ‘ಭಾನುವಾರ’ ಎಂಬ ಮಾತು ಎಲ್ಲೂ ಬರೆದಿರಲಿಲ್ಲ.

ಡಾಕ್ಟರುಗಳು ಓದಲು ಬರುವಂತೆ ಬರೆದರೆ ಈ ತಾಪತ್ರಯವೇ ಇರುವುದಿಲ್ಲ ಎನ್ನುವುದು ನಿಜ. ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ತಿದ್ದಿದೆ. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಓದಲು ಬರುವ ಚೀಟಿ ರೋಗಿಯ ಮೂಲಭೂತ ಹಕ್ಕಿನ ಭಾಗ ಎಂದಿತು. ಕಂಪ್ಯೂಟರಿನಲ್ಲಿ ಅಚ್ಚಾದ ಚೀಟಿ ಕೊಡುವ ಕ್ಲಿನಿಕ್ಕುಗಳು ಹೆಚ್ಚುತ್ತಿವೆ. ಅಲ್ಲಿಯೂ ಅಚ್ಚಾದ ಸಾಲುಗಳ ನಡುವೆ ಪೆನ್ನಿನಲ್ಲಿ ಸೇರಿಸಿದ ಒಂದು ಸಾಲು ಇರುತ್ತದೆ, ನೋಡಿ.

ಇನ್ನು, ಉತ್ತರ ಬರುವ ತನಕ ಮಾತ್ರೆಯ ಗತಿ ಏನು? ಚುಕ್ಕೆ ಇಟ್ಟು ಕೈತೊಳೆದುಕೊಂಡು ವಾರ ಕಳೆಯುವಂತಿಲ್ಲ. ಸಂಧಿವಾತದ ವಾರದ ಮಾತ್ರೆ ಒಂದೆರಡು ದಿನ ತಡವಾದರೆ ಸಾಮಾನ್ಯವಾಗಿ ಅನಾಹುತವಾಗದು. ಯಾವುದು ಯಾವುದೆಂದು ಗೊತ್ತಾಗುವ ತನಕ ‘ಫೋಲ್’ ಎಂದು ಶುರುವಾಗುವ ಎರಡನ್ನೂ ತಡೆದಿಡುವುದೇ ವಾಸಿ. ಆದರೆ ಓದಲಾಗದ ಸಾಲು ಫಿಟ್ಸಿನ ಔಷಧಿಯದೋ ಇನ್ಸುಲಿನ್ನಿನದೋ ರಕ್ತ ತೆಳುವಾಗಿಸುವ ಮಾತ್ರೆಯದೋ ಹೃದಯದ್ದೋ ಆಗಿರಬಹುದು ಎಂಬ ಸಂಶಯ ಇದ್ದರೆ ತಡೆದಿಡುವುದೂ ಅಪಾಯವೇ. ಡಾಕ್ಟರು ಸಿಗದಿದ್ದರೆ ಚೀಟಿ, ಸ್ಟ್ರಿಪ್, ಹಳೆಯ ಚೀಟಿ ಮೂರನ್ನೂ ಹಿಡಿದು ಅದೇ ದಿನ ಅದೇ ಆಸ್ಪತ್ರೆಯ ಡ್ಯೂಟಿ ಡಾಕ್ಟರ ಹತ್ತಿರ ಹೋಗಬೇಕು. ಅಲ್ಲಿ ರೋಗಿಯ ಫೈಲಿನಲ್ಲಿ ಅವೇ ಹೆಸರುಗಳು ಇನ್ನೊಂದು ಕೈಯಲ್ಲಿ, ಕೆಲವೊಮ್ಮೆ ಅಚ್ಚಿನಲ್ಲೇ, ಸಿಗುತ್ತವೆ. ಹೊರರೋಗಿ ವಿಭಾಗ ಮುಚ್ಚಿದ್ದರೂ ಫಾರ್ಮಸಿ ತೆರೆದಿರುವ ಆಸ್ಪತ್ರೆಗಳಲ್ಲಿ ಅಲ್ಲಿನ ಫಾರ್ಮಸಿಸ್ಟರನ್ನು ಕೇಳಿದರೆ ಡ್ಯೂಟಿ ಡಾಕ್ಟರನ್ನು ಸಂಪರ್ಕಿಸಲು ಅವರೇ ದಾರಿ ತೋರಿಸುತ್ತಾರೆ.